‘ಬಾಗಿಲಿಗೆ ಮುಟ್ಟಿಸುವ ದರ’ ಅಂದರೆ ಸುಂಕವೂ ಸೇರಿತಾ?

ಬಳ್ಳಾರಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಸುವ ಸಣ್ಣ ಯೂನಿಟ್. ದುಬೈಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಸಿಂಧನೂರು ಕಡೆಯವರೊಬ್ಬರು 500 ಪ್ಯಾಂಟ್ ಕೇಳಿದ್ದಾರೆ. ಇಷ್ಟು ದಿನ ಅವರು ಅಲ್ಲಿಯ ಹೋಲ್‌ಸೇಲ್ ಅಂಗಡಿಗಳಲ್ಲೇ ಮಾಲು ಎತ್ತುತ್ತಿದ್ದರು. ಹೊರಗಿನಿಂದ ನೇರವಾಗಿ ತರಿಸುವುದು ಇದೇ ಮೊದಲು. ನಮ್ಮ ಮಾತುಕತೆ, ವಾಟ್ಸಾಪ್ ಎಲ್ಲ ಕನ್ನಡದಲ್ಲೇ.

ಅವರಿಗೆ ಎರಡು ದರ ಕೊಟ್ಟಿದ್ದೇನೆ, ಎಕ್ಸ್ ವರ್ಕ್ಸ್ ಒಂದು, ಡಿಡಿಪಿ ಒಂದು. ಮೊದಲನೆಯದಕ್ಕೆ ‘ಕಾರ್ಖಾನೆ ದರ’ ಎಂದೂ ಎರಡನೆಯದಕ್ಕೆ ‘ಬಾಗಿಲಿಗೆ ಮುಟ್ಟಿಸುವ ದರ’ ಎಂದೂ ಬರೆದೆ. ಅವರು ತಿರುಗಿ ಕೇಳಿದ್ದು ಇಷ್ಟೇ: “ಅಣ್ಣಾ, ಮುಟ್ಟಿಸುವ ದರ ಅಂದ್ರೆ ಇಲ್ಲಿಯ ಡ್ಯೂಟಿನೂ ನಿಮ್ಮದೇನಾ?” ಹೌದು ಅಂತ ಬಾಯಲ್ಲಿ ಹೇಳಬಹುದು. ಆದರೆ ಆರ್ಡರ್ ಪಕ್ಕಾ ಆಗುವ ಮೊದಲು ಕಾಗದದಲ್ಲಿ ಅನುಮಾನಕ್ಕೆ ಜಾಗ ಇರಬಾರದು. ‘ಮುಟ್ಟಿಸುವುದು’ ಎನ್ನುವ ಮಾತಿನಲ್ಲಿ ಸುಂಕ ಕಟ್ಟುವುದೂ ಸೇರುತ್ತದಾ? ನೀವು ಏನಂತ ಬರೆಯುತ್ತೀರಿ?

ಗಂಗಾವತಿಯಿಂದ

ನಮ್ಮ ಅಕ್ಕಿ ವ್ಯಾಪಾರದಲ್ಲಿ ಇದು ದಿನದ ಮಾತು ರೀ. ‘ಮಿಲ್ ದರ’ ಅಂದರೆ ಮಿಲ್ಲಿನ ಗೇಟಿನವರೆಗೆ ನಮ್ಮದು, ಲಾರಿ ಬಾಡಿಗೆ ಕೊಳ್ಳುವವರದು. ‘ಪೋಚ್ ದರ’ ಅಂದರೆ ಅವರ ಗೋದಾಮಿಗೆ ಇಳಿಯುವ ತನಕ ನಮ್ಮದು. ನೀವೂ ಹಾಗೇ ಬರೆಯಿರಿ, ಯಾರಿಗಾದರೂ ತಿಳಿಯುತ್ತದೆ. ಎಕ್ಸ್ ವರ್ಕ್ಸ್‌ನಲ್ಲಿ ನೀವು ಮಾಲು ಬಂದರಿನಲ್ಲಿ ಪಾಸ್ ಮಾಡಿಸಿ ಕಳಿಸಿದರೆ ಆಯಿತು, ಆಚೆ ದೇಶದ ಡ್ಯೂಟಿ ಅವರದು.

ಕೊಪ್ಪಳದಿಂದ

ನಮ್ಮ ಅಕ್ಕನ ಮಗ ಲಂಡನ್‌ನಲ್ಲಿದ್ದಾನೆ. ಅವನಿಗೆ ಕಿನ್ನಾಳದ ಬೊಂಬೆ ಕೊರಿಯರ್ ಮಾಡಿದ್ದೆ. ‘ಡೋರ್ ಡೆಲಿವರಿ’ ಅಂತ ಪೂರ್ತಿ ದುಡ್ಡು ತೆಗೆದುಕೊಂಡಿದ್ದರು. ಅಲ್ಲಿ ಹೋದಮೇಲೆ ಟ್ಯಾಕ್ಸ್ ಕಟ್ಟಿದರೇ ಪಾರ್ಸಲ್ ಕೊಡುತ್ತೇವೆ ಎಂದು ಅವನಿಗೆ ಮೆಸೇಜ್ ಬಂತು. ಉಡುಗೊರೆ ಕಳಿಸಿ ಹುಡುಗನ ಕೈಯಿಂದ ದುಡ್ಡು ಬಿಚ್ಚಿಸಿದ ಹಾಗಾಯಿತು. ಕೊರಿಯರ್‌ನವರು ಮಾಡಿದ್ದು ತಪ್ಪಲ್ವಾ? ನೀವೂ ಕೊರಿಯರ್‌ನಲ್ಲೇ ಕಳಿಸುತ್ತೀರಾ?

ರಾಯಚೂರಿನಿಂದ

ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಕೊಪ್ಪಳದವರ ಪ್ರಶ್ನೆಯಲ್ಲೇ ಉತ್ತರ ಇದೆ. ಮಾಲು ಬಾಗಿಲಿಗೆ ಬರುವುದು ಬೇರೆ, ಸುಂಕ ಕಟ್ಟಿ ಬರುವುದು ಬೇರೆ. ಬಾಗಿಲಿನವರೆಗೆ ಸಾಗಣೆ ಮಾರುವವರದು, ಆಮದು ಸುಂಕ ಕೊಳ್ಳುವವರದು ಎನ್ನುವ ಕರಾರೂ ಇದೆ. ಅದನ್ನು ಡಿಎಪಿ ಅನ್ನುತ್ತಾರೆ. ಬಳ್ಳಾರಿಯವರು ಬರೆದ ‘ಬಾಗಿಲಿಗೆ ಮುಟ್ಟಿಸುವ ದರ’ ಡಿಎಪಿಗೂ ಸರಿ, ಡಿಡಿಪಿಗೂ ಸರಿ. ತೊಡಕು ಅಲ್ಲೇ ಇರುವುದು. ಗಂಗಾವತಿಯ ಪೋಚ್ ದರಕ್ಕೂ ಇದೇ ಕೊರತೆ. ದೇಶದೊಳಗೆ ದಾರಿಯಲ್ಲಿ ಕಸ್ಟಮ್ಸ್ ಇಲ್ಲ, ಹಾಗಾಗಿ ಆ ಪದಕ್ಕೆ ಸುಂಕದ ಮಾತೇ ಬಂದಿಲ್ಲ.

ಎಕ್ಸ್ ವರ್ಕ್ಸ್ ಬಗ್ಗೆ ಗಂಗಾವತಿಯವರು ಹೇಳಿದ್ದು ಅರ್ಧ ಸರಿ. ಆಚೆಯ ಡ್ಯೂಟಿ ಕೊಳ್ಳುವವರದು, ನಿಜ. ಆದರೆ ನಿಯಮದ ಪ್ರಕಾರ ಲಾರಿಗೆ ಏರಿಸುವ ಹಮಾಲಿ, ನಮ್ಮ ಕಡೆಯ ಕಸ್ಟಮ್ಸ್‌ನಲ್ಲಿ ಪಾಸ್ ಮಾಡಿಸುವುದು ಕೂಡ ಅವರದೇ. ದುಬೈ ಅಂಗಡಿಯವರು ಅದನ್ನು ಹೇಗೆ ಮಾಡಿಯಾರು? ಇಲ್ಲಿ ಶಿಪ್ಪಿಂಗ್ ಬಿಲ್ ಹಾಕಲು ಐಇಸಿ ನಂಬರ್ ಬೇಕು, ಅದು ಅವರ ಹತ್ತಿರ ಇರುವುದಿಲ್ಲ. ನಿಮಗೂ ಶಿಪ್ಪಿಂಗ್ ಬಿಲ್ ನಿಮ್ಮ ಹೆಸರಲ್ಲೇ ಆಗಬೇಕು. ರಫ್ತು ಮಾಲೆಂದು ಜಿಎಸ್‌ಟಿ ಇಲ್ಲದೆ ಬಿಲ್ ಮಾಡಿ, ಆಮೇಲೆ ಮಾಲು ದೇಶ ಬಿಟ್ಟ ಕಾಗದ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ತೆರಿಗೆ ನಿಮ್ಮ ತಲೆಗೇ ಬರುತ್ತದೆ. ಅದಕ್ಕೇ ಗೇಟಿನಲ್ಲಿ ಕೊಡುವ ದರವೇ ಬೇಕಿದ್ದರೆ ಎಫ್‌ಸಿಎ ಬಳ್ಳಾರಿ ಎಂದು ಬರೆಯಿರಿ. ಏರಿಸುವುದು, ಇಲ್ಲಿಯ ಕಸ್ಟಮ್ಸ್ ನಿಮ್ಮದು. ಮುಂದಿನ ಸಾಗಣೆ, ಅಲ್ಲಿಯ ಸುಂಕ ಅವರದು.

ಇನ್ನು ಡಿಡಿಪಿ. ಅದಕ್ಕೆ ನಿಮ್ಮ ಮಾಲನ್ನೇ ಇಟ್ಟು ಲೆಕ್ಕ ಹಾಕೋಣ. ಅಂಕಿ ಅಂದಾಜಿನವು, ನಿಮ್ಮವನ್ನು ಹಾಕಿಕೊಳ್ಳಿ. ಪ್ಯಾಂಟಿಗೆ 500 ರೂಪಾಯಿಯಂತೆ 2,50,000. ನವಾ ಶೇವಾ ಬಂದರಿನ ತನಕ ಲಾರಿ, ಇಲ್ಲಿಯ ಕಸ್ಟಮ್ಸ್ ಖರ್ಚು, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ 50,000 ಎಂದುಕೊಳ್ಳಿ. ದುಬೈ ಬಂದರಿನಲ್ಲಿ ಮಾಲಿನ ಬೆಲೆ 3,00,000 ಆಯಿತು. ಅಲ್ಲಿ ಸುಂಕ ಬೀಳುವುದು ನಿಮ್ಮ ಗೇಟಿನ ದರದ ಮೇಲಲ್ಲ, ಬಾಡಿಗೆ, ವಿಮೆ ಸೇರಿದ ಈ ಬೆಲೆಯ ಮೇಲೆ. ಸಾಮಾನ್ಯ ಸುಂಕ ಶೇ. 5, ಅಂದರೆ 15,000. ಸುಂಕವನ್ನೂ ಸೇರಿಸಿ 3,15,000ದ ಮೇಲೆ ವ್ಯಾಟ್ ಶೇ. 5, ಅಂದರೆ 15,750. ಎರಡೂ ಸೇರಿ 30,750. ಡಿಡಿಪಿ ಅಂದರೆ ಇದಷ್ಟೂ ನಿಮ್ಮದು. ಅಲ್ಲಿಯ ಏಜೆಂಟರ ಖರ್ಚು, ಅಂಗಡಿಯ ತನಕದ ವ್ಯಾನ್ ಬಾಡಿಗೆಯೂ ನಿಮ್ಮದೇ.

ಇದರಲ್ಲಿ ಎರಡು ವಿಷಯ ನೋಡಿ. 2022ರ ಮೇ 1ರಿಂದ ಭಾರತ–ಯುಎಇ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ. ಮಾಲು ಯಾವ ದೇಶದ್ದು ಎಂದು ತೀರ್ಮಾನಿಸುವ ಒಪ್ಪಂದದ ನಿಯಮಕ್ಕೆ ನಿಮ್ಮ ಮಾಲು ಹೊಂದಿ, ಅದು ಭಾರತದ್ದೇ ಎನ್ನುವ ಮೂಲ ಪ್ರಮಾಣಪತ್ರ ನೀವು ತೆಗೆಸಿ ಕಳಿಸಿದರೆ, ಅಲ್ಲಿ ಅದನ್ನು ತೋರಿಸಿ ಸುಂಕ ಸೊನ್ನೆ ಮಾಡಿಸಿಕೊಳ್ಳಬಹುದು. ಆಗ ಉಳಿಯುವುದು 3,00,000ದ ಮೇಲಿನ ವ್ಯಾಟ್, 15,000 ಮಾತ್ರ. ಸುಂಕ ಅವರದೇ ಆದರೂ ಈ ಕಾಗದ ತೆಗೆಸಬೇಕಾದವರು ಇಲ್ಲಿರುವ ನೀವೇ.

ಇನ್ನೊಂದು, ಅಲ್ಲಿ ಆಮದುದಾರರ ಕೋಡ್ ಬೇಕೆಂದರೆ ಅಲ್ಲಿಯ ಟ್ರೇಡ್ ಲೈಸೆನ್ಸ್ ಇರಬೇಕು. ನಿಮಗೆ ಇಲ್ಲ. ಹಾಗಾಗಿ ಡಿಡಿಪಿ ಎಂದು ಬರೆದರೂ ಕೊನೆಗೆ ಹೆಸರು ಅವರದು, ದುಡ್ಡು ನಿಮ್ಮದು ಆಗುತ್ತದೆ. ಅವರ ಅಂಗಡಿ ವ್ಯಾಟ್‌ಗೆ ನೋಂದಣಿ ಆಗಿದ್ದರೆ ಆ ತೆರಿಗೆಯನ್ನು ಅವರ ಲೆಕ್ಕದಲ್ಲೇ ತೋರಿಸಿ ಹೊಂದಿಸಿಕೊಳ್ಳುತ್ತಾರೆ. ನೀವು ಕೈಯಿಂದ ಕಟ್ಟಿದ್ದು ನಿಮಗೆ ವಾಪಸ್ ಬರುವುದಿಲ್ಲ, ಸುಮ್ನೆ ದರ ಜಾಸ್ತಿ ಆಗುತ್ತದೆ. ನಾನಾದರೆ ಮೊದಲ ಆರ್ಡರಿಗೆ ಡಿಡಿಪಿ ಕೊಡುವುದಿಲ್ಲ. ಡಿಎಪಿ ಕೊಟ್ಟು, ಸುಂಕ, ವ್ಯಾಟ್ ಅಂದಾಜು ಎಷ್ಟು ಬರುತ್ತದೆ ಎಂದು ಪಕ್ಕದಲ್ಲೇ ಬರೆದುಕೊಡುತ್ತೇನೆ.

ಕನ್ನಡಕ್ಕೆ ಬಂದರೆ, ಒಂದೇ ಪದದಲ್ಲಿ ಇದನ್ನೆಲ್ಲ ತುಂಬಲು ಹೋಗಬೇಡಿ. ‘ಅಂಗಡಿಗೆ ಮುಟ್ಟಿಸುವ ದರ, ಆಮದು ಸುಂಕ ಮತ್ತು ವ್ಯಾಟ್ ಕೊಳ್ಳುವವರದು’ ಎಂದು ಪೂರ್ತಿ ಬರೆಯಿರಿ. ಅಂಗಡಿಯ ವಿಳಾಸವನ್ನೂ ಹಾಕಿ. ದುಬೈ ಅಂತ ಬರೀ ಊರಿನ ಹೆಸರು ಹಾಕಿದರೆ ಬಂದರಿನಿಂದ ಅಂಗಡಿಗೆ ಹೋಗುವ ವ್ಯಾನ್ ಯಾರದು ಅನ್ನುವ ಜಗಳ ಉಳಿಯುತ್ತದೆ.

ಕೊಪ್ಪಳದವರೇ, ನಿಮ್ಮ ಕೊರಿಯರ್ ರಸೀದಿಯಲ್ಲಿ ಸುಂಕ ಯಾರು ಕಟ್ಟಬೇಕು ಎನ್ನುವ ಕಡೆ ‘ಪಡೆಯುವವರು’ ಎಂದು ಗುರುತು ಇತ್ತಾ, ನೋಡಿ.

ಗಂಗಾವತಿಯಿಂದ

ಶಿಪ್ಪಿಂಗ್ ಬಿಲ್ ವಿಷಯ ಒಪ್ಪಿದೆ ಮೇಡಂ. ಆದರೆ ಮೊದಲ ಸಲ ತರಿಸುವವರಿಗೆ ‘ಸುಂಕ ನಿಮ್ಮದು’ ಅಂದರೆ ಹೆದರಿ ಹಿಂದೆ ಸರಿಯುತ್ತಾರೆ. ಎಲ್ಲ ಸೇರಿ ಪ್ಯಾಂಟಿಗೆ ಇಷ್ಟು ಅಂದರೆ ಗಿರಾಕಿ ನಿಲ್ಲುತ್ತಾನೆ. ವ್ಯಾಪಾರದಲ್ಲಿ ಅದೂ ಮುಖ್ಯ.

ಬಳ್ಳಾರಿಯಿಂದ

ಅಕ್ಕಾ, ತುಂಬಾ ಉಪಕಾರವಾಯಿತು. ಡಿಡಿಪಿ ದರ ತೆಗೆದಿದ್ದೇನೆ. ಈಗ ಹೀಗೆ ಬರೆದಿದ್ದೇನೆ: ‘ಡಿಎಪಿ, ನಿಮ್ಮ ಅಂಗಡಿಯ ವಿಳಾಸ. ಅಲ್ಲಿಯವರೆಗೆ ಸಾಗಣೆ ನಮ್ಮದು, ವ್ಯಾನಿನಿಂದ ಇಳಿಸಿಕೊಳ್ಳುವುದು ನಿಮ್ಮದು. ದುಬೈ ಕಸ್ಟಮ್ಸ್‌ನಲ್ಲಿ ಕಟ್ಟುವ ಆಮದು ಸುಂಕ ಮತ್ತು ವ್ಯಾಟ್ ನಿಮ್ಮದು. ಮೂಲ ಪ್ರಮಾಣಪತ್ರ ನಾವು ಕೊಡುತ್ತೇವೆ.’ ಆಮದುದಾರರ ಕೋಡ್ ಮತ್ತು ವ್ಯಾಟ್ ನೋಂದಣಿ ಇವೆಯಾ ಎಂದೂ ಕೇಳಿದ್ದೇನೆ. ಅದಕ್ಕೆ ಉತ್ತರ ಬಂದ ಮೇಲೇ ಆರ್ಡರ್ ಪಕ್ಕಾ.

ಒಂದು ಅನುಮಾನ ಉಳಿದಿದೆ. ಗಂಗಾವತಿ ಅಣ್ಣನವರು ಹೇಳಿದಂತೆ ಅವರು ಎಲ್ಲ ಸೇರಿಸಿದ ದರವೇ ಬೇಕು ಎಂದು ಹಟ ಹಿಡಿದು, ನಾನು 15,000 ಸುಂಕ ಸೇರಿಸಿಯೇ ದರ ಹೇಳಿದೆ ಎಂದಿಟ್ಟುಕೊಳ್ಳಿ. ಆಮೇಲೆ ಪ್ರಮಾಣಪತ್ರದಿಂದ ಸುಂಕ ಸೊನ್ನೆ ಆದರೆ ಆ ದುಡ್ಡು ಯಾರದು?

ರಾಯಚೂರಿನಿಂದ

ಕರಾರಿನಲ್ಲಿ ಬರೆಯದಿದ್ದರೆ ದರ ಹೇಳಿದವರದು, ಅಂದರೆ ನಿಮ್ಮದು. ಮುಂದಿನ ಆರ್ಡರಿಗೆ ಅವರು ಬರಬೇಕಾ ಬೇಡವಾ ಎಂಬುದನ್ನೂ ನೋಡಿಕೊಂಡು ಬರೆಯಿರಿ.