ಪದಚರ್ಚೆ: 'ಕಾನ್‌ಕರೆಂಟ್ ಡಿಲೇ'ಗೆ ಕನ್ನಡದಲ್ಲಿ ಏನು? (ಶನಿವಾರದೊಳಗೆ ಬೇಕು)

ವೀಣಾ:

ಎಲ್ಲರಿಗೂ ನಮಸ್ಕಾರ. ನಮ್ಮ ಕಾನೂನು ಕಾಲೇಜಿನಲ್ಲಿ ಶನಿವಾರ ಅಣಕು ಆರ್ಬಿಟ್ರೇಶನ್ ಇದೆ. ಯಾವ ಭಾಷೆಯಲ್ಲಿ ನಡೆಸಬೇಕು ಅನ್ನುವುದನ್ನು ಪಕ್ಷಗಾರರೇ ಗೊತ್ತುಮಾಡಿಕೊಳ್ಳಬಹುದು ಅಂತ 1996ರ ಆರ್ಬಿಟ್ರೇಶನ್ ಕಾಯ್ದೆಯ 22ನೇ ಕಲಂ ಹೇಳುತ್ತದಲ್ಲ, ಅದನ್ನೇ ಹಿಡಿದು ಈ ಸಲ ಪೂರ್ತಿ ಕನ್ನಡದಲ್ಲಿ ಮಾಡೋಣ ಅಂದೆವು. ಈಗ ಪದಗಳಿಲ್ಲದೆ ಒದ್ದಾಡುತ್ತಿದ್ದೇವೆ.

ಕಲ್ಪಿತ ಪ್ರಕರಣ ಹೀಗಿದೆ. ಒಂದು ಹಾಸ್ಟೆಲ್ ಕಟ್ಟಡ, 4 ಕೋಟಿ ಗುತ್ತಿಗೆ, 12 ತಿಂಗಳ ಅವಧಿ. ಕೆಲಸ ಮುಗಿದದ್ದು 16 ವಾರ ತಡವಾಗಿ. ವಾರಕ್ಕೆ ಅರ್ಧ ಪರ್ಸೆಂಟಿನಂತೆ ಮಾಲೀಕರು ಕೊನೇ ಬಿಲ್ಲಿನಲ್ಲಿ 32 ಲಕ್ಷ ಹಿಡಿದುಕೊಂಡಿದ್ದಾರೆ. ಗುತ್ತಿಗೆದಾರ ಅದನ್ನು ವಾಪಸ್ ಕೇಳುತ್ತಿದ್ದಾನೆ. ಮಾಲೀಕರಿಂದ ಪಾಯದ ನಕ್ಷೆ ಜೂನ್ 1ಕ್ಕೆ ಬರಬೇಕಿತ್ತು, ಬಂದದ್ದು ಜುಲೈ 13ಕ್ಕೆ. ಆದರೆ ಗುತ್ತಿಗೆದಾರನ ಕಬ್ಬಿಣವೂ ಜೂನ್ 1ಕ್ಕೆ ಸೈಟಿನಲ್ಲಿ ಇರಬೇಕಿತ್ತು, ಬಂದದ್ದು ಜುಲೈ 27ಕ್ಕೆ.

ಈ ಎರಡು ತಡ ಒಂದರ ಮೇಲೊಂದು ಬಿದ್ದಿರುವುದಕ್ಕೆ ಆರಂಭಿಕ ಹೇಳಿಕೆಯಲ್ಲಿ ಏನನ್ನಲಿ? 'ಸಹವರ್ತಿ ವಿಳಂಬ' ಅಂತ ಬರೆದಿದ್ದೆ. ಓದಿದ ಹುಡುಗ ನಕ್ಕುಬಿಟ್ಟ. ಹಿಡಿದುಕೊಂಡ 32 ಲಕ್ಷಕ್ಕೆ 'ದಂಡ' ಅಂತ ಹಾಕಿದ್ದೇನೆ, ಅದಾದರೂ ಸರಿಯೇ?

ಶಂಕರ:

ಹುಡುಗ ನಕ್ಕದ್ದೇ ಸರಿ. 'ವಿಳಂಬ' ಸಂಸ್ಕೃತದ 'ಲಂಬ್' ಧಾತುವಿನಿಂದ ಬಂದದ್ದು, ಜೋತುಬೀಳುವುದು ಅಂತ. ಕಟ್ಟಡ ಜೋತುಬೀಳುತ್ತದೆಯೇ? ನಮ್ಮದೇ 'ತಡ' ಇದೆ. 'ತಡೆ'ಯ ಒಡಹುಟ್ಟು ಅದು. ತಡೆದದ್ದರಿಂದ ಆದದ್ದು ತಡ. 'ಜೋಡಿತಡ' ಅನ್ನಿ, ಮುಗಿಯಿತು. 'ಆರಂಭಿಕ ಹೇಳಿಕೆ' ಕೂಡ ಬೇಡ. 'ಮೊದಲ ಮಾತು' ಸಾಲದೇ?

ಪ್ರಭಾಕರ (ವಕೀಲ):

ಜೋಡಿತಡ ಅಂದರೆ ಲಾವಣಿ ಹಾಡಿದ ಹಾಗಿರುತ್ತದೆ. 'ಏಕಕಾಲಿಕ ವಿಳಂಬ' ಅನ್ನಿ, ಎಲ್ಲರಿಗೂ ತಿಳಿಯುತ್ತದೆ.

'ದಂಡ' ಮಾತ್ರ ಖಂಡಿತ ಬೇಡ ಮೇಡಂ, ಅದರಲ್ಲೂ ಮಾಲೀಕರ ಕಡೆಯವರ ಬಾಯಲ್ಲಿ. ಕರಾರು ಕಾಯ್ದೆಯ 74ನೇ ಕಲಮಿನಲ್ಲಿ ಒಪ್ಪಂದದಲ್ಲಿ ಬರೆದ ಮೊತ್ತ ಬರೀ ಮೇಲ್ಮಿತಿ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು ಸಿಗುತ್ತದೆ. 2015ರ ಕೈಲಾಶ್ ನಾಥ್ ತೀರ್ಪು ಬಂದ ಮೇಲಂತೂ 'ನಿಮಗೆ ನಷ್ಟವೇ ಆಗಿಲ್ಲವಲ್ಲ' ಅಂತ ಗುತ್ತಿಗೆದಾರ ಕೇಳಿಯೇ ಕೇಳುತ್ತಾನೆ. ನೀವೇ ದಂಡ ಅಂದುಬಿಟ್ಟರೆ, 'ನೋಡಿ ಸ್ವಾಮಿ, ನಷ್ಟ ತುಂಬಿಕೊಳ್ಳಲು ಅಲ್ಲ, ಶಿಕ್ಷೆಗೆ ಅಂತ ಅವರೇ ಹೇಳುತ್ತಿದ್ದಾರೆ' ಎನ್ನುತ್ತಾನೆ. 'ಗೊತ್ತುಪಡಿಸಿದ ಪರಿಹಾರ' ಅಂತ ಹಾಕಿ. ಗುತ್ತಿಗೆದಾರನ ವಕೀಲ ಬೇಕಾದರೆ ದಂಡ ಅನ್ನಲಿ, ಅವನಿಗೆ ಲಾಭ.

ಇನ್ನು ನಿಮ್ಮ ಪ್ರಕರಣ ಸುಲಭ. ಇಬ್ಬರದೂ ತಪ್ಪು, ಎರಡೂ ವಜಾ. ಅವರಿಗೂ ಇಲ್ಲ, ಇವರಿಗೂ ಇಲ್ಲ.

ರಾಮಚಂದ್ರ:

ಪ್ರಭಾಕರ ಅವರೇ, ದಂಡದ ವಿಷಯ ಒಪ್ಪಿದೆ. ವಜಾ ವಿಷಯ ಹಾಗಲ್ಲ. ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದಾಗ ಇಂಥವಕ್ಕೆ ಸಾಕ್ಷಿಯಾಗಿ ಹೋಗಿ ಕೂತು ಬೈಸಿಕೊಂಡು ಬಂದವನು ನಾನು.

ಸಾಮಾನ್ಯವಾಗಿ ಮಾಡುವುದು ಇಷ್ಟು. ತಡ ನಿಜಕ್ಕೂ ಇಬ್ಬರ ಕಡೆಯಿಂದಲೂ ಒಂದೇ ಹೊತ್ತಿಗೆ ಬಿದ್ದಿದ್ದರೆ ಗುತ್ತಿಗೆದಾರನಿಗೆ ದಿನ ಸಿಗುತ್ತದೆ, ದುಡ್ಡು ಸಿಗುವುದಿಲ್ಲ. ಅಂದರೆ ಆ 6 ವಾರದ ಮಟ್ಟಿಗೆ ಮಾಲೀಕ ಪರಿಹಾರ ಹಿಡಿಯುವಂತಿಲ್ಲ, ಸುಮ್ಮನೆ ಕೂತ ಆಳು-ಮಿಕ್ಸರ್ ಖರ್ಚನ್ನು ಗುತ್ತಿಗೆದಾರ ಕೇಳುವಂತಿಲ್ಲ. 16ರಲ್ಲಿ 6 ಹೋದರೆ 10 ವಾರ. ವಾರಕ್ಕೆ 2 ಲಕ್ಷದಂತೆ 20 ಲಕ್ಷ ಮಾಲೀಕರ ಹತ್ತಿರ ಉಳಿಯುತ್ತದೆ, 12 ಲಕ್ಷ ವಾಪಸ್. ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಹೀಗೇ. ಸ್ಕಾಟ್ಲೆಂಡಿನ ಕೋರ್ಟು 2010ರಲ್ಲಿ ಸಿಟಿ ಇನ್ ಪ್ರಕರಣದಲ್ಲಿ ತಡವನ್ನು ಇಬ್ಬರಿಗೂ ಪಾಲು ಹಾಕಿತು. ನಮ್ಮಲ್ಲಿ ಆರ್ಬಿಟ್ರೇಟರು ಯಾವುದನ್ನು ಹಿಡಿಯುತ್ತಾರೋ ಅದು.

ಆದರೆ ಇಲ್ಲಿ ಒಂದು ಗಂಟು ಇದೆ. ಗುತ್ತಿಗೆದಾರ ಏನನ್ನುತ್ತಾನೆ ಗೊತ್ತೇ? 'ನಕ್ಷೆಯೇ ಇಲ್ಲದೆ ಎಷ್ಟು ಎಂಎಂ ಸರಳು, ಎಷ್ಟು ಟನ್ನು ಅಂತ ನಾನು ಆರ್ಡರ್ ಹಾಕಲಿ? ಹೇಗೂ ಕೆಲಸ ನಿಂತಿತ್ತು, ದುಡ್ಡು ಹಾಕಿ ಕಬ್ಬಿಣಕ್ಕೆ ತುಕ್ಕು ಹಿಡಿಸಲೇ?' ಈ ಮಾತು ನಿಂತರೆ ಕಬ್ಬಿಣದ ತಡ ಬೇರೆ ತಡವೇ ಅಲ್ಲ, ನಕ್ಷೆಯ ತಡದ ಬಾಲ. ಆಗ ನಕ್ಷೆಯ 6 ವಾರದ ಜೊತೆಗೆ ಆಮೇಲಿನ 2 ವಾರವೂ ಮಾಲೀಕರ ತಲೆಗೇ. ಉಳಿಯುವುದು 8 ವಾರ, 16 ಲಕ್ಷ, ಮೇಲೆ ಸುಮ್ಮನೆ ಕೂತ ಖರ್ಚೂ ಕೊಡಬೇಕಾಗಬಹುದು.

ಶಂಕರ್ ಅವರ ತಡೆ-ತಡ ಇಲ್ಲಿ ಉಪಯೋಗಕ್ಕೆ ಬರುತ್ತದೆ, ನಗಬೇಡಿ. ನಕ್ಷೆ ಬಾರದ್ದು ಒಂದು ತಡೆ, ಕಬ್ಬಿಣ ಬಾರದ್ದು ಇನ್ನೊಂದು ತಡೆ. ತಡೆಗಳು ಒಂದೇ ತಿಂಗಳಲ್ಲಿದ್ದರೆ ಸಾಲದು, ಅವುಗಳಿಂದಾದ ತಡ ಒಂದೇ ದಿನಗಳ ಮೇಲೆ ಬಿದ್ದಿರಬೇಕು. ಪಾಯದ ನಕ್ಷೆಯ ಬದಲು ಕಾಂಪೌಂಡ್ ಗೋಡೆಯ ನಕ್ಷೆ ತಡವಾಗಿದ್ದರೆ ತಡೆ ಇದೆ, ತಡ ಇಲ್ಲ. ಕಟ್ಟಡ ಅದಕ್ಕಾಗಿ ಕಾಯುವುದಿಲ್ಲ.

ಶಂಕರ:

ಕೊನೆಗೂ ಒಬ್ಬ ಇಂಜಿನಿಯರ್ ಒಪ್ಪಿದರು. ಹಾಗಾದರೆ 'ಕೂಡುತಡ'. ಇದಕ್ಕಿಂತ ಚೆನ್ನಾದದ್ದು ಬರುವುದಿಲ್ಲ.

ನಾಗರಾಜ:

ನನ್ನದೂ ಇದೇ ಗೋಳು. ಮನೆ ಕಟ್ಟಲು ಕೊಟ್ಟ ಮೇಸ್ತ್ರಿ ಯುಗಾದಿಗೆ ಗೃಹಪ್ರವೇಶ ಅಂದವನು ದೀಪಾವಳಿಗೂ ಮುಗಿಸಲಿಲ್ಲ. ಸೆಂಟ್ರಿಂಗ್ ಶೀಟು ಬಿಚ್ಚಿ ಬೇರೆ ಸೈಟಿಗೆ ಹಾಕಿಕೊಂಡ. ಎಲ್ಲ ಬಾಯಿಮಾತು, ಬರೆದದ್ದು ಏನೂ ಇಲ್ಲ. ವೀಣಾ ಮೇಡಂ, ನಿಮ್ಮ ಕಾಲೇಜಿನ ಪಂಚಾಯ್ತಿಗೆ ನಾನೂ ಅರ್ಜಿ ಹಾಕಬಹುದೇ? ಫೀಸು ಎಷ್ಟು?

ಪ್ರಭಾಕರ (ವಕೀಲ):

ನಾಗರಾಜ್ ಅವರೇ, ಅದು ಅಣಕು, ಹುಡುಗರ ಅಭ್ಯಾಸ. ಅಸಲಿಗೂ ಹೋಗಲು ಬರುವುದಿಲ್ಲ, ಆರ್ಬಿಟ್ರೇಶನ್ ಒಪ್ಪಂದ ಬರವಣಿಗೆಯಲ್ಲೇ ಇರಬೇಕು, 7ನೇ ಕಲಂ. ನಿಮಗಿರುವ ದಾರಿ ಸಿವಿಲ್ ಕೋರ್ಟು ಅಥವಾ ಗ್ರಾಹಕರ ಆಯೋಗ.

ರಾಮಚಂದ್ರ ಅವರೇ, ದಿನ ಉಂಟು ದುಡ್ಡಿಲ್ಲ ಅನ್ನುವುದನ್ನು ಒಪ್ಪಿದೆ. ಆದರೆ ಕೂಡುತಡ? ಪಾಟೀ ಸವಾಲಿನಲ್ಲಿ ಆ ಪದ ಬಳಸಿದರೆ ಸಾಕ್ಷಿ 'ಏನು ಸ್ವಾಮಿ?' ಅಂತ ಕೇಳುತ್ತಾನೆ.

ಶಂಕರ:

'ಪಾಟೀ ಸವಾಲು' ಅಂದರೆ ಮಾತ್ರ ತಿಳಿಯುತ್ತದೋ? ಸವಾಲು ಅರಬ್ಬಿ, ವಕೀಲ ಅರಬ್ಬಿ, ನಿಶಾನೆ ಪಾರಸಿ. ನಿಮ್ಮ ಕರಿಕೋಟಿನ ತುಂಬ ಬೇರೆಯವರದ್ದೇ ಜೇಬು. 'ಎದುರುಕೇಳ್ವಿ' ಅನ್ನಲು ಏನು ಕಷ್ಟ?

ಪ್ರಭಾಕರ (ವಕೀಲ):

ಕಷ್ಟವೇನೂ ಇಲ್ಲ. ಯಾರೂ ಅನ್ನುವುದಿಲ್ಲ, ಅಷ್ಟೆ. ತಾಲ್ಲೂಕು ಕೋರ್ಟಿನ ಜಗಲಿಯಲ್ಲಿ ಕೂತ ರೈತನಿಗೂ ಪಾಟೀ ಸವಾಲು ಗೊತ್ತು. ಅವನಿಗೆ ಗೊತ್ತಿರುವುದು ಕನ್ನಡ.

ವೀಣಾ ಮೇಡಂ, ದಾಖಲೆಗೆ 'ನಿಶಾನೆ' ಅಂತಲೇ ಇಟ್ಟುಕೊಳ್ಳಿ. ಹಕ್ಕುದಾರರದ್ದು ನಿಶಾನೆ ಹ-1, ಹ-2, ಎದುರುದಾರರದ್ದು ಎ-1, ಎ-2. 19ನೇ ಕಲಂ ಪ್ರಕಾರ ಸಾಕ್ಷ್ಯ ಕಾಯ್ದೆ ಆರ್ಬಿಟ್ರೇಟರನ್ನು ಕಟ್ಟಿಹಾಕುವುದಿಲ್ಲ, ಒಂದೊಂದು ಚೀಟಿಯನ್ನೂ ಸಾಕ್ಷಿಯ ಕೈಗೆ ಕೊಟ್ಟು ಗುರುತಿಸುವ ನಾಟಕ ಬೇಕಿಲ್ಲ. ಮೊದಲೇ ಕಟ್ಟು ಬದಲಾಯಿಸಿಕೊಂಡು ಯಾವುದು ಒಪ್ಪಿದ್ದು, ಯಾವುದಕ್ಕೆ ತಕರಾರು ಅಂತ ಪಟ್ಟಿ ಮಾಡಿ. ತಕರಾರಿನದನ್ನು ಮಾತ್ರ ಸಾಕ್ಷಿಯಿಂದ ಹೇಳಿಸಿದರೆ ಸಾಕು.

ರಾಮಚಂದ್ರ:

ತಕರಾರಿನ ಪಟ್ಟಿಯಲ್ಲಿ ಮೊದಲು ಇರಬೇಕಾದದ್ದು ಅಡಚಣೆ ರಿಜಿಸ್ಟರ್. ಮಾಲೀಕರ ಇಂಜಿನಿಯರ್ ಸಹಿ ಇದೆಯೇ, ತಡೆ ಶುರುವಾದ ತಾರೀಖೂ ತೀರಿದ ತಾರೀಖೂ ಬೇರೆ ಬೇರೆ ದಿನ ಬರೆದದ್ದೇ, ಅಥವಾ ಒಂದೇ ಕೂತ ಪೆಟ್ಟಿಗೆ ಒಂದೇ ಪೆನ್ನಿನಲ್ಲಿ ಇಡೀ ವರ್ಷದ್ದು ಬರೆದದ್ದೇ, ನೋಡಿಸಿ. ನಾನು ನೋಡಿದ ಒಂದು ರಿಜಿಸ್ಟರಿನಲ್ಲಿ ಫೆಬ್ರವರಿ 30ಕ್ಕೆ ಮಳೆ ಬಂದಿತ್ತು.

ನಕ್ಷೆ-ಕಬ್ಬಿಣದ ಗಂಟಿಗೆ ಒಂದೇ ಒಂದು ಕಾಗದ ಕತೆಯೊಳಗೆ ಸೇರಿಸಿ. ಜೂನ್ 10ರಂದು ಕಬ್ಬಿಣದ ಅಂಗಡಿಯವರು ಗುತ್ತಿಗೆದಾರನಿಗೆ ಬರೆದದ್ದು: ಹಳೇ ಬಾಕಿ ತೀರಿಸದೆ ಸರಕು ಕಳಿಸುವುದಿಲ್ಲ. ಉಳಿದದ್ದು ಪಾಟೀ ಸವಾಲಿನಲ್ಲಿ ತಾನಾಗಿ ಬರುತ್ತದೆ.

ವೀಣಾ:

ರಾಮಚಂದ್ರ ಸರ್, ಆ ಕಾಗದ ಸೇರಿಸಿದೆ. ನಿನ್ನೆ ತಾಲೀಮಿನಲ್ಲಿ ಗುತ್ತಿಗೆದಾರನ ಪಾತ್ರದ ಹುಡುಗ ಬೆವತುಹೋದ. ಬರೆದುಕೊಂಡದ್ದು ಹೀಗಿದೆ:

ಪ್ರ: ನಕ್ಷೆ ಬಾರದ್ದರಿಂದ ಕಬ್ಬಿಣ ತರಿಸಲಿಲ್ಲ ಅನ್ನುತ್ತೀರಿ?
ಉ: ಹೌದು.
ಪ್ರ: ಬೇರೆ ಕಾರಣ ಇರಲಿಲ್ಲ?
ಉ: ಇರಲಿಲ್ಲ.
ಪ್ರ: ನಿಶಾನೆ ಎ-7 ನೋಡಿ. ನಿಮಗೆ ಬಂದ ಕಾಗದವೇ?
ಉ: ಹೌದು.
ಪ್ರ: ಜೂನ್ 10ಕ್ಕೆ ನೀವು ಸರಕು ಕೇಳಿದ್ದಕ್ಕೆ ತಾನೆ ಅವರು ಕೊಡುವುದಿಲ್ಲ ಅಂದದ್ದು?
ಉ: ... ವಿಚಾರಿಸಿದ್ದೆವು.
ಪ್ರ: ನಕ್ಷೆ ಇಲ್ಲದೆಯೇ?

ಇಲ್ಲಿಗೆ ನಿಲ್ಲಿಸಿ ಕೂತಳು ನಮ್ಮ ಹುಡುಗಿ. 'ಅಂದರೆ ನೀವು ಹೇಳಿದ್ದು ಸುಳ್ಳು' ಅಂತ ಇನ್ನೊಂದು ಪ್ರಶ್ನೆ ಇತ್ತು, ತೆಗೆಸಿದೆ. ಸರಿ ಮಾಡಿದೆನೇ?

ಪದದ ಬಗ್ಗೆ: ಲಿಖಿತ ಹೇಳಿಕೆಯಲ್ಲಿ 'ಏಕಕಾಲಿಕ ವಿಳಂಬ', ಬಾಯಿಮಾತಿನಲ್ಲಿ 'ಕೂಡುತಡ' ಅಂತ ಇಟ್ಟಿದ್ದೇನೆ. ಬ್ಯಾನರಿಗೆ ಇನ್ನೊಂದು ತೊಡಕು. 'ಮಧ್ಯಸ್ಥಿಕೆ' ಅಂತ ಬರೆಸಿದರೆ ಮೀಡಿಯೇಶನ್ ಅಂದುಕೊಳ್ಳುತ್ತಾರೆ.

ರಾಮಚಂದ್ರ:

ತೆಗೆಸಿದ್ದು ಸರಿ. ಆ ಪ್ರಶ್ನೆ ಕೇಳಿದ್ದರೆ ಅವನು 'ಅಂದಾಜಿಗೆ 10 ಟನ್ ವಿಚಾರಿಸಿದ್ದೆ, ಪಾಯಕ್ಕೆ ಅದು ಹೇಗೂ ಬೇಕಾಗುತ್ತದೆ' ಅಂದು ಪಾರಾಗುತ್ತಿದ್ದ. ಆದರೂ ಅವನ ವಕೀಲ ಮರುವಿಚಾರಣೆಯಲ್ಲಿ ಅದನ್ನೇ ಹೇಳಿಸಲು ನೋಡುತ್ತಾನೆ. ಅದಕ್ಕೆ ತಯಾರಾಗಿರಿ.

ಪ್ರಭಾಕರ (ವಕೀಲ):

ಬ್ಯಾನರಿಗೆ 'ಆರ್ಬಿಟ್ರೇಶನ್' ಅಂತಲೇ ಕನ್ನಡ ಅಕ್ಷರದಲ್ಲಿ ಬರೆಸಿ. ಯಾರಿಗೂ ಅನುಮಾನ ಬರುವುದಿಲ್ಲ.

ಶಂಕರ:

ಹಾಗಾದರೆ ಕನ್ನಡದಲ್ಲಿ ಮಾಡಿದ್ದೇಕೆ? 'ಪಂಚಾಯ್ತಿ' ಇಲ್ಲವೇ?

ಪ್ರಭಾಕರ (ವಕೀಲ):

ಪಂಚಾಯ್ತಿ ಅಂತ ಬರೆಸಿ, ನಾಗರಾಜ್ ಅವರು ಅರ್ಜಿ ಹಿಡಿದುಕೊಂಡು ಬರುತ್ತಾರೆ.

ನಾಗರಾಜ:

ಶನಿವಾರ ಎಷ್ಟು ಗಂಟೆಗೆ ಮೇಡಂ?