ಸಹಾಯ ಬೇಕು: ಟೇಸ್ಟಿಂಗ್‌ಗೆ ಜನ ಬರ್ತಾರೆ, ತಾರೀಖು ಬುಕ್ ಆಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಲ್ಲಿ ಮದುವೆ ಅಡುಗೆ ಕಾಂಟ್ರ್ಯಾಕ್ಟ್ ಮಾಡುತ್ತೇನೆ. ಏಪ್ರಿಲ್, ಮೇ ತಿಂಗಳ ಆರು ಮುಹೂರ್ತದ ದಿನ ಇನ್ನೂ ಖಾಲಿ ಇವೆ.

ಹೋದ ತಿಂಗಳು ಮಾದರಿ ಊಟ ಬಡಿಸಿ ಫೋಟೊ ಸ್ಟೇಟಸ್‌ಗೆ ಹಾಕಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳು ಪಲ್ಯ, ಶೇಂಗಾ ಹೋಳಿಗೆ, ಮಾದಲಿ, ಹೀಗೆ ಒಂದೇ ಎಲೆ ಮೇಲೆ 22 ಪದಾರ್ಥ. ಅದೇ ತಪ್ಪಾಯಿತು ಅನಿಸುತ್ತದೆ. ವಿಚಾರಿಸಲು ಬಂದವರು ಆ ಫೋಟೊ ತೋರಿಸಿ, ಇದಷ್ಟೂ 180 ರೂಪಾಯಿಗೆ ಬೇಕು ಅಂದರು, ಆ ರೇಟಿಗೆ ನಾನು ಕೊಡುವುದು 12 ಪದಾರ್ಥ. ಪೋಸ್ಟ್‌ನಲ್ಲಿ ರೇಟೂ ಇರಲಿಲ್ಲ, ಖಾಲಿ ತಾರೀಖೂ ಇರಲಿಲ್ಲ. ಟೇಸ್ಟಿಂಗ್‌ಗೆ ಒಂದೇ ಮನೆಯಿಂದ 11 ಜನ ಬಂದು ಉಂಡು ಹೊಗಳಿ ಹೋದರು, ಅವರಿಗೆ ಇನ್ನೂ ಕಲ್ಯಾಣ ಮಂಟಪವೇ ಸಿಕ್ಕಿರಲಿಲ್ಲ.

ಇನ್ನೊಂದು ಮಾತು. 10 ಜನಕ್ಕೆ ಮಾಡಿದ ಎಣ್ಣೆಗಾಯಿಯ ಹದ 600 ಜನರ ಪಾತ್ರೆಯಲ್ಲಿ ಹಾಗೇ ಬರಲ್ಲ, ಒಲೆ ಆರಿಸಿದ ಮೇಲೂ ಆ ಬಿಸಿಗೆ ಬದನೆಕಾಯಿ ಬೇಯುತ್ತಲೇ ಇರುತ್ತದೆ, ಅದಕ್ಕೆ ಸ್ವಲ್ಪ ಗಟ್ಟಿ ಇರುವಾಗಲೇ ಇಳಿಸಬೇಕು. ಹಾಗಾಗಿ ಬೇರೆ ಮದುವೆ ಅಡುಗೆ ಇರುವ ದಿನ, ಆ ಮನೆಯವರನ್ನು ಕೇಳಿಕೊಂಡು, ಅದೇ ಪಾತ್ರೆಯಿಂದ ರುಚಿ ತೋರಿಸೋಣ ಅಂತಿದ್ದೇನೆ.

ಮಂಟಪ ಸಿಕ್ಕವರಿಗೆ ಮಾತ್ರ ಟೇಸ್ಟಿಂಗ್, ಒಂದು ಮನೆಯಿಂದ ನಾಲ್ಕೇ ಜನ, 500 ರೂಪಾಯಿ ತಗೊಂಡು ಬುಕ್ ಮಾಡಿದರೆ ಅಡ್ವಾನ್ಸ್‌ನಲ್ಲಿ ಕಳೆಯುವುದು. ಹೀಗೆ ಮಾಡಿದರೆ ನಮ್ಮ ಕಡೆ ಜನ ಬೇಜಾರಾಗ್ತಾರಾ? 12 ಪದಾರ್ಥದ ಎಲೆಯನ್ನಷ್ಟೇ ರೇಟು, ತಾರೀಖು ಸಮೇತ ಹಾಕಿದವರು ಯಾರಾದರೂ ಇದ್ದೀರಾ? ಬುಕಿಂಗ್ ಬಂತಾ, ದಯವಿಟ್ಟು ಹೇಳಿ.