5 ಕೆಜಿ ಮಾವಿಗೆ ಎಷ್ಟು ಸಕ್ಕರೆ, ಎಷ್ಟು ಜಾಮ್?

ಪ್ರಶ್ನೆ: 5 ಕೆಜಿ ಮಾವಿನ ಹಣ್ಣು ಇದೆ. ಸಕ್ಕರೆಯನ್ನು ಹಣ್ಣಿನ ತೂಕಕ್ಕೆ ಹಾಕಬೇಕಾ, ತಿರುಳಿನ ತೂಕಕ್ಕಾ? ಕೊನೆಗೆ ಎಷ್ಟು ಜಾಮ್ ಸಿಗಬಹುದು? ಬಾಟಲಿ ಎಷ್ಟು ತರಬೇಕು ಅಂತ ಗೊತ್ತಾಗುತ್ತಿಲ್ಲ.

ಜಾಮ್ ಘಟಕ ನಡೆಸುವವರು: ತಿರುಳಿನ ತೂಕಕ್ಕೇ ಹಾಕಿ. ಸಿಪ್ಪೆ, ಗೊರಟು, ಜರಡಿಯಲ್ಲಿ ಉಳಿಯುವ ನಾರು ಎಲ್ಲ ಹೋದ ಮೇಲೆ 5 ಕೆಜಿಯಲ್ಲಿ ಸುಮಾರು 2.8 ಕೆಜಿ ತಿರುಳು ಸಿಗಬಹುದು. ಗೊರಟು ದಪ್ಪ, ನಾರು ಜಾಸ್ತಿ ಇದ್ದರೆ ಇನ್ನೂ ಕಡಿಮೆ. ಹಾಗಾಗಿ ಅಂದಾಜು ಬೇಡ, ಜರಡಿ ಹಿಡಿದ ತಿರುಳನ್ನೇ ತೂಗಿ.

ಒಂದು ಕೆಜಿ ತಿರುಳಿಗೆ ನಾನು 800 ಗ್ರಾಂ ಸಕ್ಕರೆ ಹಾಕುತ್ತೇನೆ. 2.8 ಕೆಜಿಗೆ 2.24 ಕೆಜಿ ಆಯಿತು. ಇನ್ನು ಜಾಮ್ ಎಷ್ಟು ಅನ್ನುವುದು. ಕುದಿಸಿದಾಗ ಹೋಗುವುದು ನೀರು ಮಾತ್ರ. ಸಕ್ಕರೆ, ಹಣ್ಣಿನ ಸಾರ ಪಾತ್ರೆಯಲ್ಲೇ ಇರುತ್ತದೆ. ತಿರುಳು 16 ಬ್ರಿಕ್ಸ್ ಇದೆ ಅಂದುಕೊಳ್ಳಿ, ಅಂದರೆ ನೂರು ಗ್ರಾಂ ತಿರುಳಿನಲ್ಲಿ ಕರಗಿದ ಸಾರ 16 ಗ್ರಾಂ, 2.8 ಕೆಜಿಯಲ್ಲಿ ಸುಮಾರು 450 ಗ್ರಾಂ. ಸಕ್ಕರೆ ಸೇರಿಸಿದರೆ 2.69 ಕೆಜಿ. ಜಾಮ್ ಹದಕ್ಕೆ ಬಂದಾಗ ನೂರಕ್ಕೆ 68 ಭಾಗ ಸಾರ ಇರಬೇಕು. 2.69 ಅನ್ನು 0.68 ರಿಂದ ಭಾಗಿಸಿ: ಹತ್ತಿರ ಹತ್ತಿರ 3.95 ಕೆಜಿ ಜಾಮ್.

ಈ ಲೆಕ್ಕದಿಂದ ಹದವನ್ನೂ ಹಿಡಿಯಬಹುದು. ಖಾಲಿ ಪಾತ್ರೆ ಮತ್ತು ಸೌಟನ್ನು ಮೊದಲೇ ತೂಗಿಡಿ. ಅದಕ್ಕೆ 3.95 ಸೇರಿಸಿ ಬರುವ ತೂಕಕ್ಕೆ ಇಳಿದಾಗ ಒಲೆ ಆರಿಸಿ. ತಟ್ಟೆಗೆ ಹನಿ ಬಿಟ್ಟು ನೋಡುವುದಕ್ಕಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಬಿಸಿಯಲ್ಲಿ ತೆಳ್ಳಗೆ ಕಂಡರೆ ಹೆದರಬೇಡಿ, ಆರಿದ ಮೇಲೆ ಗಟ್ಟಿಯಾಗುತ್ತದೆ.

ಅಡುಗೆ ಗುಂಪಿನ ಹಿರಿಯರು: ಇಷ್ಟೆಲ್ಲ ಲೆಕ್ಕ ಯಾಕೆ? ಹಣ್ಣು ಎಷ್ಟೋ ಸಕ್ಕರೆ ಅಷ್ಟು. ಸಮಸಮ ಹಾಕಿದರೆ ಕೆಡುವುದಿಲ್ಲ.

ಜಾಮ್ ಘಟಕ ನಡೆಸುವವರು: ತಿರುಳಿಗೆ ಸಮ ಅಂದರೆ ಒಪ್ಪುತ್ತೇನೆ ಅಮ್ಮಾ. ಸಿಹಿ ಮುಂದಾಗುತ್ತದೆ ಅಷ್ಟೆ. ಜಾಮ್ 4.8 ಕೆಜಿ ತನಕ ಬರುತ್ತದೆ. ಆದರೆ ಇಡೀ ಹಣ್ಣಿಗೆ ಸಮ ಅಂತ 2.8 ಕೆಜಿ ತಿರುಳಿಗೆ 5 ಕೆಜಿ ಸಕ್ಕರೆ ಸುರಿದರೆ, ಒಲೆ ಹಚ್ಚುವ ಮೊದಲೇ ಸಾರ ನೂರಕ್ಕೆ 70 ಆಗಿಬಿಡುತ್ತದೆ. ಇನ್ನು ಕುದಿಸುವುದಕ್ಕೆ ಏನು ಉಳಿಯಿತು? ಕುದಿಸಿದರೆ ಬಾಟಲಿಯಲ್ಲಿ ಸಕ್ಕರೆ ಹರಳು ಕಟ್ಟುತ್ತದೆ.

ಸಕ್ಕರೆ ಕಡಿಮೆ ಮಾಡುವವರು: ನಾನು ತಿರುಳಿನ ಅರ್ಧದಷ್ಟು ಸಕ್ಕರೆ ಮಾತ್ರ ಹಾಕೋದು. ಬಣ್ಣ ಕಪ್ಪಾಗುತ್ತೆ, ಯಾಕೆ?

ಜಾಮ್ ಘಟಕ ನಡೆಸುವವರು: 1.4 ಕೆಜಿ ಸಕ್ಕರೆಗೆ ಜಾಮ್ 2.7 ಕೆಜಿಯಷ್ಟೇ, ತಿರುಳಿಗಿಂತಲೂ ಕಡಿಮೆ. ಒಂದೂವರೆ ಲೀಟರ್ ನೀರು ಹೋಗಬೇಕು. ಅಷ್ಟು ಹೊತ್ತು ಕುದಿದರೆ ಬಣ್ಣ ಹೋಗುತ್ತದೆ, ಜಾಮ್ ಗಟ್ಟಿಯಾಗಿಸುವ ಹಣ್ಣಿನ ಪೆಕ್ಟಿನ್ನೂ ಒಡೆಯುತ್ತದೆ. ಬೇಗ ಇಳಿಸಿದರೆ ನೀರು ಉಳಿದು ಬೂಸ್ಟು ಹಿಡಿಯುತ್ತದೆ. ಹಾಗೆ ಮಾಡಿದ್ದನ್ನು ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಿ.

ಪೇರಲೆ ಜಾಮ್ ಮಾಡುವವರು: ನನ್ನದು ಬೇರೆ ಕಥೆ. 2 ಕೆಜಿ ಪೇರಲೆಗೆ ಒಂದು ಲೀಟರ್ ನೀರು ಹಾಕಿ ಬೇಯಿಸಿ ಸೋಸಿದೆ. 2.6 ಕೆಜಿ ತಿರುಳು ಬಂತು! ಹಣ್ಣಿಗಿಂತ ಜಾಸ್ತಿ. ಇದಕ್ಕೂ 800 ಗ್ರಾಂ ಲೆಕ್ಕವಾ?

ಜಾಮ್ ಘಟಕ ನಡೆಸುವವರು: ಹೆಚ್ಚಿದ್ದು ಹಣ್ಣಲ್ಲ, ನಿಮ್ಮ ನೀರು. ಸಕ್ಕರೆ ಹಾಕುವ ಮೊದಲೇ ತಿರುಳನ್ನು ಕುದಿಸಿ 1.6 ಕೆಜಿಗೆ ಇಳಿಸಿ, ಆ ತೂಕಕ್ಕೆ ಲೆಕ್ಕ ಹಾಕಿ. ಸಕ್ಕರೆ ಬಿದ್ದ ಮೇಲೆ ಕುದಿಯುವ ಹೊತ್ತು ಚಿಕ್ಕದಾದಷ್ಟೂ ಒಳ್ಳೆಯದು. ಮುಂದಿನ ಸಲ ತಳ ಹಿಡಿಯದಷ್ಟೇ ನೀರು ಸಾಕು.

ಕೇಳಿದವರು: ಸರ್, ನಿಂಬೆ ಉಪ್ಪು, ಪೆಕ್ಟಿನ್ ಬೇಕಾ?

ಜಾಮ್ ಘಟಕ ನಡೆಸುವವರು: ಹಣ್ಣು ಪೂರ್ತಿ ಮಾಗಿದ್ದರೆ ಹುಳಿ ಸಾಲದು. ಒಂದು ಕೆಜಿ ತಿರುಳಿಗೆ 4-5 ಗ್ರಾಂ ನಿಂಬೆ ಉಪ್ಪು, ಇಳಿಸುವ ಸ್ವಲ್ಪ ಮೊದಲು. ಪೆಕ್ಟಿನ್ ಹಾಕುವುದಾದರೆ ಒಂದಷ್ಟು ಸಕ್ಕರೆಯಲ್ಲಿ ಚೆನ್ನಾಗಿ ಬೆರೆಸಿಯೇ ಉದುರಿಸಿ, ಇಲ್ಲದಿದ್ದರೆ ಗಂಟು. ಎಷ್ಟು ಅನ್ನುವುದು ಹಣ್ಣಿನ ಮೇಲೆ.

ಆಹಾರ ತಂತ್ರಜ್ಞಾನ ಓದುತ್ತಿರುವವರು: ಹುಳಿ ಮೊದಲೇ ಹಾಕಬೇಕಲ್ವಾ ಸರ್? ಆಗಲೇ ಸಕ್ಕರೆ ಒಡೆದು ಹರಳು ಕಟ್ಟದಂತಾಗುವುದು.

ಜಾಮ್ ಘಟಕ ನಡೆಸುವವರು: ಅದೂ ನಿಜ. ಆದರೆ ಹುಳಿಯಲ್ಲಿ ತುಂಬಾ ಹೊತ್ತು ಕುದಿದರೆ ಪೆಕ್ಟಿನ್ ಬಲ ಕಳೆದುಕೊಳ್ಳುತ್ತದೆ. ನಾನು ಕೊನೆಗೆ ಹಾಕುವವನು. ಅರ್ಧ ಮೊದಲು, ಅರ್ಧ ಕೊನೆಗೆ ಹಾಕುವವರೂ ಇದ್ದಾರೆ.

ಕೇಳಿದವರು: ಹಾಗಾದರೆ 250 ಮಿಲಿ ಬಾಟಲಿ 16 ತರಲಾ?

ಜಾಮ್ ಘಟಕ ನಡೆಸುವವರು: 13 ಸಾಕು. ಜಾಮ್ ನೀರಿಗಿಂತ ಭಾರ. ಆ ಬಾಟಲಿಯಲ್ಲಿ ಮೇಲೆ ಸ್ವಲ್ಪ ಜಾಗ ಬಿಟ್ಟರೂ 320 ಗ್ರಾಂ ಹತ್ತಿರ ಹಿಡಿಯುತ್ತದೆ. ಒಂದೆರಡು ಜಾಸ್ತಿ ತೊಳೆದಿಡಿ, ಬಿಸಿಗೆ ಒಡೆಯುವುದುಂಟು.